ಆಮದಿನ ಕಡೆಯ ಆರು ಸಾಲು

ನಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ಪುಕ್ಕಲ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾನು ಹೇಳಹೊರಟಿರುವುದು ನನ್ನ ಪಕ್ಕದ ಮೇಜಿನ ಹತ್ತಂಕಿ ಅಕ್ಕನ ವಿಷಯ. ಹದಿನೆಂಟು ವರ್ಷ ಆಕೆಯ ಪಕ್ಕದಲ್ಲಿ ಕೂತ ನಾನು ಆಕೆ ಹೆದರಿದ್ದನ್ನು ನೋಡಿದ್ದು ಒಂದೇ ಒಂದು ದಿನ. ಆ ದಿನ ನನ್ನ ಹೆದರಿಕೆ ಆಕೆಯ ಹೆದರಿಕೆಯ ಮುಂದೆ ಯಾವ ಲೆಕ್ಕಕ್ಕೂ ಇರಲಿಲ್ಲ.

ಬಂದರಿಗೆ ಹೋಗುವ ರಸ್ತೆಯಲ್ಲಿ, ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಯಾವ ವ್ಯಾಪಾರಿ ಏನು ತರಿಸುತ್ತಾನೆ, ಏನು ಕಳಿಸುತ್ತಾನೆ ಎಂದು ಹುಡುಕಿ ಹೇಳುವುದು ನಮ್ಮ ಕಸುಬು. ಕೇಳಿದವರು ನಮ್ಮನ್ನು ಪತ್ತೇದಾರರೆಂದು ತಿಳಿದು ದನಿ ತಗ್ಗಿಸಿ ಮಾತಾಡುತ್ತಾರೆ. ಅಂಥದ್ದೇನೂ ಇಲ್ಲ. ಸರಕು ಬಂದರಿನೊಳಗೆ ಬರಲಿ, ಹೊರಗೆ ಹೋಗಲಿ, ಕಸ್ಟಮ್ಸಿಗೆ ಒಂದು ಪತ್ರ ಸಲ್ಲಿಸಲೇಬೇಕು. ಅದರಲ್ಲಿ ತಾರೀಖು, ಬಂದರು, ಯಾವ ದೇಶ, ಸರಕಿನ ವರ್ಗದ ಸಂಖ್ಯೆ, ಅದರ ವಿವರಣೆ, ಎಷ್ಟು ನಗ ಅಂದರೆ ಎಷ್ಟು ಬಿಡಿ ವಸ್ತು, ಎಷ್ಟು ತೂಕ, ಎಷ್ಟು ಬೆಲೆ ಎಲ್ಲ ಇರುತ್ತದೆ. ಜೊತೆಗೆ ಆ ವ್ಯಾಪಾರಿಯ ಕೋಡ್. ಹತ್ತು ಅಂಕಿಯದು, ಸರ್ಕಾರ ಒಂದು ಸಂಸ್ಥೆಗೆ ಒಂದೇ ಸಲ ಕೊಡುವುದು. ಆಮದಿಗೂ ಅದೇ, ರಫ್ತಿಗೂ ಅದೇ. ನಮ್ಮ ಯಜಮಾನರು ತಿಂಗಳಿಗೊಮ್ಮೆ ಆ ದಾಖಲೆಗಳನ್ನು ಮಾರುವವರಿಂದ ಕೊಂಡು ತರುತ್ತಾರೆ. ನಾವು ಕೋಡ್ ಹಾಕಿ ಸೋಸುತ್ತೇವೆ.

ಆ ಹತ್ತು ಅಂಕಿಗಳು ನನಗೆ ಬರೀ ಅಂಕಿ. ಅಕ್ಕನಿಗೆ ಅವು ಮುಖಗಳಿದ್ದ ಹಾಗೆ. ಯಾರಾದರೂ ಅರ್ಧ ಕೋಡ್ ಓದುವಷ್ಟರಲ್ಲಿ, ಇದು ಹಳೇ ಟೈರಿನವರದ್ದು, ಈಚೆಗೆ ಗಾಜಿನ ಬಾಟಲಿಯನ್ನೂ ತರಿಸ್ತಿದ್ದಾರೆ ಎಂದುಬಿಡುತ್ತಿದ್ದಳು. ಅದಕ್ಕೇ ಹತ್ತಂಕಿ ಅಕ್ಕ ಎಂಬ ಹೆಸರು. ಇಟ್ಟವನು ನಾನು. ಬದಲಿಗೆ ಆಕೆ ನನ್ನನ್ನು ಪುಕ್ಕಲ ಎಂದೇ ಕರೆಯುತ್ತಿದ್ದಳು, ಯಜಮಾನರ ಎದುರಿಗೂ. ಮದುವೆಯಾಗಲಿಲ್ಲ. ಕೇಳಿದರೆ, ದಿನಕ್ಕೆ ನೂರು ಜನರ ಸಂಸಾರ ನೋಡ್ತೀನಿ, ಇನ್ನೊಂದು ಯಾಕೆ ಎನ್ನುತ್ತಿದ್ದಳು. ಸುಳ್ಳು ಕಂಡರೆ ಆಗುತ್ತಿರಲಿಲ್ಲ. ಒಮ್ಮೆ ಯಜಮಾನರು ಒಬ್ಬ ಗಿರಾಕಿಯ ಮನಸ್ಸು ನೋಯಿಸುವುದು ಬೇಡವೆಂದು ಪಟ್ಟಿಯಿಂದ ಒಂದು ಸಾಲು ತೆಗೆಯಲು ಹೇಳಿದ್ದಕ್ಕೆ ಮೂರು ದಿನ ಅವರ ಜೊತೆ ಮಾತು ಬಿಟ್ಟಿದ್ದಳು.

ಆಕೆಗೆ ಹೆಮ್ಮೆ ಇದ್ದದ್ದು ಒಂದೇ ವಿಷಯಕ್ಕೆ, ತಾಯಿಯ ಸಂಸ್ಥೆಗೆ. ಗಂಡ ತೀರಿಕೊಂಡ ಮೇಲೆ ಆ ತಾಯಿ ಮನೆಯ ಹಿಂದಿನ ಶೆಡ್ಡಿನಲ್ಲಿ ಮರದ ಸೌಟು, ಚಮಚ ಮಾಡಿಸಲು ಶುರುಮಾಡಿದ್ದರು. ಆರು ಜನ ಕೆಲಸದವರು. ಇಪ್ಪತ್ತೆರಡು ವರ್ಷದಿಂದ ವರ್ಷಕ್ಕೆ ಮೂರೋ ನಾಲ್ಕೋ ಸಲ ಹೊರದೇಶಕ್ಕೆ ಸೌಟು ಹೋಗುತ್ತಿತ್ತು. ಸಂಸ್ಥೆಗೆ ತಾಯಿಯದೇ ಹೆಸರು, ಕೋಡ್ ಕೂಡ ತಾಯಿಯ ಹೆಸರಿನಲ್ಲೇ. ಅರ್ಜಿ ತುಂಬಿದ್ದು ಅಕ್ಕ. ಈಗ ಓಡಾಟವೆಲ್ಲ ತಮ್ಮನದು. ಕೆಲಸವಿಲ್ಲದ ಹೊತ್ತಿನಲ್ಲಿ ಅಕ್ಕ ತಾಯಿಯ ಕೋಡ್ ಹಾಕಿ ರಫ್ತಿನ ಪುಟ ತೆಗೆದು ಸುಮ್ಮನೆ ನೋಡುತ್ತಾ ಕೂರುವುದಿತ್ತು. ಮರದ ಸೌಟು, ಮರದ ಸೌಟು, ಮರದ ಚಮಚ. ಓದುವಾಗ ಅವಳ ಮುಖ ಅರಳುತ್ತಿತ್ತು. ನಾನು ನಗುತ್ತಿದ್ದೆ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯವರೊಬ್ಬರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರಿಂದ ಚಾರ್ಜ್ ಮಾಡಿ ಉರಿಸುವ ಒಂದು ಲಾಟೀನು ಮತ್ತು ಅದರ ಖಾಲಿ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಇಂಥದ್ದೇ ಒಂದು ಲಾಟೀನು ಅವರ ಗಿರಾಕಿಯೊಬ್ಬರ ಮನೆಯಲ್ಲಿ ಚಾರ್ಜಿಗೆ ಹಾಕಿದ್ದಾಗ ಸಿಡಿದಿತ್ತು. ಪಕ್ಕದಲ್ಲಿ ಓದುತ್ತಾ ಕೂತಿದ್ದ ಏಳು ವರ್ಷದ ಹುಡುಗಿ ಕೈ, ಕೆನ್ನೆ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದಳು. ಪೊಲೀಸರು ಅಂಗಡಿಯವರನ್ನು ಕೂರಿಸಿಕೊಂಡು, ಸರಕು ಯಾರದ್ದೆಂದು ನಾಳೆ ಬೆಳಿಗ್ಗೆಯೊಳಗೆ ದಾಖಲೆ ಸಮೇತ ತೋರಿಸು, ಇಲ್ಲದಿದ್ದರೆ ನೀನೇ ಹೊಣೆ ಎಂದಿದ್ದರು. ಡಬ್ಬದ ಮೇಲೆ ತರಿಸಿದವರ ಹೆಸರು, ವಿಳಾಸ, ಕೋಡ್ ಇತ್ತು. ಸರ್ಕಾರದ ವೆಬ್‌ಸೈಟಿನಲ್ಲಿ ಕೋಡ್ ಹಾಕಿದರೆ ಹೆಸರು ಬರುತ್ತದೆ, ಕೋಡ್ ಚಾಲ್ತಿಯಲ್ಲಿದೆ ಎಂದು ಬರುತ್ತದೆ, ಅಷ್ಟೇ. ಇವರು ನಿಜವಾಗಿ ಲಾಟೀನು ತರಿಸುತ್ತಾರಾ, ಅಥವಾ ಯಾರೋ ಡಬ್ಬದ ಮೇಲೆ ಇವರ ಹೆಸರು ಅಚ್ಚು ಹಾಕಿದ್ದಾರಾ, ಅದು ಬೇಕಿತ್ತು ಅವರಿಗೆ.

ಅಕ್ಕ ಡಬ್ಬ ತಿರುಗಿಸಿ ನೋಡಿದಳು. ನಾನು ಅವಳ ಮುಖ ನೋಡುತ್ತಿದ್ದೆ. ಏನೂ ಬದಲಾಗಲಿಲ್ಲ, ಬರೀ ಡಬ್ಬ ಹಿಡಿದ ಬೆರಳುಗಳು ಬಿಳಿಚಿಕೊಂಡವು. ಆಮೇಲೆ ನಕ್ಕಳು. ಈ ಸಂಸ್ಥೆ ತನಗೆ ಗೊತ್ತು, ಇವರು ಮರದ ಸೌಟು ಮಾಡುವವರು, ಯಾರೋ ಇವರ ಹೆಸರು ಕದ್ದು ಡಬ್ಬಕ್ಕೆ ಹಾಕಿದ್ದಾರೆ ಎಂದು ಕಂಪ್ಯೂಟರ್ ಅವರ ಕಡೆ ತಿರುಗಿಸಿ ರಫ್ತಿನ ಪುಟ ತೋರಿಸಿದಳು. ಅಂಗಡಿಯವರು ಕನ್ನಡಕ ಏರಿಸಿ ಓದಿದರು. ಅವರಿಗೂ ಸಮಾಧಾನವಾದಂತೆ ಕಂಡಿತು. ನನಗಂತೂ ಹೋದ ಜೀವ ಬಂದಂತಾಯಿತು, ಯಾಕೆಂದರೆ ಡಬ್ಬದ ಮೇಲಿನ ಹೆಸರನ್ನು ನಾನೂ ಓದಿದ್ದೆ.

"ಇದು ಕಳಿಸಿದ್ದಲ್ವಾ ಮೇಡಂ," ಎಂದರು ಅಂಗಡಿಯವರು. "ತರಿಸಿದ್ದು ನೋಡಿದ್ರಾ?"

ಅಕ್ಕ ನೋಡಿರಲಿಲ್ಲ. ಆ ದಿನವಲ್ಲ, ಹದಿನೆಂಟು ವರ್ಷದಲ್ಲಿ ಒಂದು ದಿನವೂ ನೋಡಿರಲಿಲ್ಲ. ಸೌಟು ಕಳಿಸುವ ಹೆಂಗಸು ಏನು ತರಿಸುತ್ತಾಳೆ? ಊರಿನವರ ಆಮದನ್ನೆಲ್ಲ ಜಾಲಾಡಿದವಳಿಗೆ ತನ್ನ ತಾಯಿಯ ಕೋಡಿನ ಆ ಪುಟ ತೆರೆಯಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಈಗ ತೆರೆದಳು. ಐದು ಸಾಲು ಬಂದವು.

ಮೊದಲನೆಯದು ಹದಿನಾಲ್ಕು ತಿಂಗಳ ಹಿಂದಿನದು, ಕೊನೆಯದು ಹೋದ ತಿಂಗಳಿನದು. ಐದರಲ್ಲೂ ಒಂದೇ ವಿವರಣೆ: ಲಾಟೀನಿನ ಪ್ಲಾಸ್ಟಿಕ್ ಕವಚ, ಬ್ಯಾಟರಿ ಇಲ್ಲದ್ದು. ಒಂದೊಂದು ಸಲವೂ ಇಪ್ಪತ್ತನಾಲ್ಕು ಸಾವಿರ ನಗ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ಪೂರ್ತಿ ಕಾಗದ ಕೊಡುತ್ತೇನೆ, ಲಾಟೀನು ಇಲ್ಲೇ ಇರಲಿ ಎಂದಳು ಅಕ್ಕ. ದನಿ ಸರಿಯಾಗೇ ಇತ್ತು. ಅವರು ಮೆಟ್ಟಿಲಿಳಿದ ಮೇಲೆ ನೀರಿನ ಬಾಟಲಿ ತೆಗೆಯಲು ಹೋದಳು, ಮುಚ್ಚಳ ತಿರುಗಿಸಲು ಆಗಲಿಲ್ಲ. ನಾನು ತೆಗೆದುಕೊಟ್ಟೆ.

ಕವಚ ತಾನೇ ಅಕ್ಕ, ಕವಚ ಸಿಡಿಯುತ್ತಾ, ಎಂದೆ ನಾನು. ಆಕೆ ತೂಕದ ಕಡೆ ಬೆರಳು ತೋರಿಸಿದಳು. ಒಂಬತ್ತು ಸಾವಿರದ ಆರುನೂರು ಕಿಲೋ. ನಗಕ್ಕೆ ಹಂಚಿದರೆ ನಾನೂರು ಗ್ರಾಂ. ಲಾಟೀನು ಹಿಡಿದುಕೊಂಡು ಕೆಳಗಿನ ಕಿರಾಣಿ ಅಂಗಡಿಗೆ ಹೋದೆವು. ಅಂಗಡಿಯಾತನ ತಕ್ಕಡಿಯ ಮೇಲೆ ಡಬ್ಬದ ಸಮೇತ ಇಟ್ಟರೆ ಮುನ್ನೂರ ತೊಂಬತ್ತು. ಅವನ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ, ಬ್ಯಾಟರಿ, ಬಲ್ಬು, ತಂತಿ ತೆಗೆದು ಬರೀ ಕವಚವನ್ನು ಡಬ್ಬದಲ್ಲಿಟ್ಟು ತೂಗಿದರೆ ನೂರ ನಲವತ್ತು. ಕಾಗದದಲ್ಲಿ ಇಲ್ಲದ ಬ್ಯಾಟರಿ ತೂಕದಲ್ಲಿ ಇತ್ತು. ಬ್ಯಾಟರಿ ಎಂದು ಬರೆದರೆ ಪರೀಕ್ಷೆಯ ಪ್ರಮಾಣಪತ್ರ ಬೇಕು, ಕೆಟ್ಟ ಬ್ಯಾಟರಿಗೆ ಅದು ಸಿಗುವುದಿಲ್ಲ. ಅದಕ್ಕೇ ಕವಚ ಎಂದು ಬರೆದಿದ್ದರು.

"ಇದು ಅಮ್ಮನ ಕೋಡು ಕಣೋ," ಎಂದಳು ಅಕ್ಕ. ಅದು ನನಗೆ ಗೊತ್ತಿತ್ತು. ಆದರೂ ಆಕೆ ಇನ್ನೊಮ್ಮೆ ಹೇಳಿದಳು. "ಹಿಡಿಯೋದು ಅಮ್ಮನ್ನ."

ನಾಳೆ ಒಂಬತ್ತಕ್ಕೆ ಆ ಕಾಗದ ಪೊಲೀಸರ ಕೈ ಸೇರುತ್ತದೆ, ಹತ್ತಕ್ಕೆ ಅವರು ಆ ಶೆಡ್ಡಿನ ಬಾಗಿಲಲ್ಲಿರುತ್ತಾರೆ. ಆ ತಾಯಿಗೆ ಎಪ್ಪತ್ತೊಂದು ವಯಸ್ಸು. ಕಾಗದ ಕೊಡದಿದ್ದರಾಯಿತಲ್ಲ ಎಂದು ನಾನು ಹೇಳಿದ್ದು ನಿಜ, ಮುಚ್ಚುಮರೆ ಯಾಕೆ. ನಮ್ಮ ದಾಖಲೆಯಲ್ಲಿ ಏನೂ ಸಿಗಲಿಲ್ಲ ಅಂದುಬಿಡಿ ಎಂದೆ. ಅಕ್ಕ ಕೇಳಿಸಿಕೊಳ್ಳಲಿಲ್ಲ. ಆಕೆಯ ತಲೆ ಬೇರೆ ಕಡೆ ಓಡುತ್ತಿತ್ತು. ನಮ್ಮ ದಾಖಲೆ ಹೋದ ತಿಂಗಳ ಕೊನೆಯವರೆಗಿನದು ಮಾತ್ರ. ಈ ತಿಂಗಳು ಏನು ಬಂದಿದೆಯೋ ಅದರಲ್ಲಿ ಕಾಣಿಸುವುದಿಲ್ಲ. ಕಸ್ಟಮ್ಸಿನ ವೆಬ್‌ಸೈಟಿನಲ್ಲಿ ಕೋಡಿನ ಮಾಲೀಕರು ಲಾಗಿನ್ ಆದರೆ ಇವತ್ತಿನವರೆಗಿನದೂ ಕಾಣುತ್ತದೆ. ನಾಲ್ಕು ತಿಂಗಳಿಗೊಮ್ಮೆ ಬರುತ್ತಿದ್ದ ಸರಕು ಕೊನೆಯ ಎರಡು ಸಲ ಒಂದೇ ತಿಂಗಳ ಅಂತರದಲ್ಲಿ ಬಂದಿತ್ತು. ಇನ್ನೊಂದು ಬಂದಿದ್ದರೆ?

ನನ್ನ ಸ್ಕೂಟರಿನಲ್ಲೇ ಹೋದೆವು. ಇಪ್ಪತ್ತು ನಿಮಿಷದ ದಾರಿ, ಅಕ್ಕ ನನ್ನ ಭುಜ ಬಿಡಲಿಲ್ಲ. ಹಿಂದೆ ಪೊಲೀಸ್ ಜೀಪಿನ ಹಾರ್ನ್ ಕೇಳಿದಾಗ ಇಬ್ಬರೂ ಒಟ್ಟಿಗೆ ಬೆಚ್ಚಿದೆವು. ಅದು ನಮ್ಮನ್ನು ದಾಟಿ ತನ್ನ ಪಾಡಿಗೆ ಹೋಯಿತು.

ತಾಯಿ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸೌಟಿನ ಅಂಚಿಗೆ ಮರಳು ಕಾಗದ ಉಜ್ಜುತ್ತಿದ್ದರು. ಮಧ್ಯಾಹ್ನ ಮಗಳು ಬಂದದ್ದಕ್ಕೆ ಸಂತೋಷವಾಯಿತು, ನಾನೂ ಜೊತೆಗಿದ್ದದ್ದಕ್ಕೆ ಅನುಮಾನವಾಯಿತು. ಅಕ್ಕ ಲ್ಯಾಪ್‌ಟಾಪ್ ತೆರೆದು ತಾಯಿಯ ಹೆಸರಿನಲ್ಲಿ ಲಾಗಿನ್ ಮಾಡಿದಳು. ಪಾಸ್‌ವರ್ಡ್ ಆಕೆಯೇ ಇಟ್ಟದ್ದು, ಬದಲಾಗಿರಲಿಲ್ಲ. ಒಟಿಪಿ ಕೇಳಿತು. ನಿನ್ನ ಫೋನ್ ಕೊಡಮ್ಮ ಎಂದಳು. ತಾಯಿ ಕೊಟ್ಟ ಫೋನಿನಲ್ಲಿ ಬೇರೆ ಸಿಮ್ ಇತ್ತು. ಹಳೆಯದನ್ನು ಮಗ ತೆಗೆದುಕೊಂಡು ಹೋಗಿ ಒಂದು ವರ್ಷದ ಮೇಲಾಯಿತಂತೆ, ಆಫೀಸಿನ ಮೆಸೇಜೆಲ್ಲ ಅದಕ್ಕೇ ಬರುತ್ತವೆ, ನಿನಗ್ಯಾಕೆ ತೊಂದರೆ ಎಂದಿದ್ದನಂತೆ.

ಅಕ್ಕ ತಮ್ಮನಿಗೆ ಫೋನ್ ಮಾಡಿದಳು. ನಿನ್ನ ಹತ್ತಿರ ಇರುವ ಅಮ್ಮನ ಸಿಮ್ಮಿಗೆ ಈಗ ಒಂದು ನಂಬರ್ ಬಂದಿರುತ್ತೆ, ಓದು ಎಂದಳು. ಅವನು ಓದಲಿಲ್ಲ. ಬರ್ತೀನಿ ಇರು ಎಂದು ಫೋನ್ ಇಟ್ಟ. ಅರ್ಧ ಗಂಟೆಯಲ್ಲಿ ಬಂದ, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ಮುಖ ನೋಡಿದರೆ ಸಾಕಿತ್ತು, ಅವನಿಗೆ ಎಲ್ಲ ಗೊತ್ತಿರಲಿಲ್ಲ, ಆದರೆ ಏನೋ ಗೊತ್ತಿತ್ತು.

ಕಸ್ಟಮ್ಸ್ ಕೆಲಸ ಮಾಡಿಸುವ ಒಬ್ಬ ಏಜೆಂಟ್ ಅವನ ಹತ್ತಿರ ಬಂದಿದ್ದನಂತೆ. ನಿಮ್ಮ ಕೋಡ್ ಸುಮ್ಮನೆ ಬಿದ್ದಿದೆ, ಆಮದಿಗೆ ನನಗೆ ಬಳಸಲು ಕೊಡಿ, ಒಂದು ಕಂಟೇನರಿಗೆ ಇಷ್ಟು ಎಂದು ಕೊಡುತ್ತೇನೆ ಎಂದಿದ್ದನಂತೆ. ಪ್ಲಾಸ್ಟಿಕ್ ಸಾಮಾನು, ಎಲ್ಲ ಕಾನೂನು ಪ್ರಕಾರ. ಸೌಟಿನ ಆರ್ಡರ್ ಕಡಿಮೆಯಾಗಿತ್ತು, ಆರು ಜನಕ್ಕೆ ಕೆಲಸ ಇಲ್ಲ ಎನ್ನಲು ಅಮ್ಮನಿಗೆ ಬಾಯಿ ಬರುತ್ತಿರಲಿಲ್ಲ. ಏಜೆಂಟನಿಗೆ ಬೇಕಿದ್ದದ್ದು ತಾಯಿಯ ಸಹಿಯಿದ್ದ ಒಂದು ಅಧಿಕಾರ ಪತ್ರ, ಅವರ ಪರವಾಗಿ ಕಸ್ಟಮ್ಸಿಗೆ ಕಾಗದ ಸಲ್ಲಿಸಲು ಒಪ್ಪಿಗೆ. ಸೌಟಿನ ಕಾಗದಗಳ ಜೊತೆ ತಮ್ಮ ಅದನ್ನೂ ಸೇರಿಸಿ ಸಹಿ ಹಾಕಿಸಿದ್ದ. ಅಕ್ಕ ಬಿಚ್ಚಿದ ಲಾಟೀನನ್ನು ಅವನ ಮುಂದಿಟ್ಟು ಆಸ್ಪತ್ರೆಯಲ್ಲಿರುವ ಹುಡುಗಿಯ ವಿಷಯ ಹೇಳಿದಳು. ಅವನು ಹಾಗೇ ನೆಲದ ಮೇಲೆ ಕೂತುಬಿಟ್ಟ. ಒಟಿಪಿಯನ್ನು ಓದಲು ಅವನಿಂದ ಆಗಲಿಲ್ಲ, ಫೋನನ್ನೇ ಅಕ್ಕನ ಕೈಗೆ ಕೊಟ್ಟ.

ಆರನೆಯ ಸಾಲು ಇತ್ತು. ಪತ್ರ ಸಲ್ಲಿಸಿದ್ದು ಮೂರು ದಿನದ ಹಿಂದೆ, ಹಡಗು ಬಂದದ್ದು ನಿನ್ನೆ. ಅದೇ ಕವಚ, ಈ ಸಲ ಮೂವತ್ತು ಸಾವಿರ. ಪರೀಕ್ಷೆ ಬೇಕಿಲ್ಲ ಎಂದು ಬರೆದಿತ್ತು. ಸುಂಕ ಕಟ್ಟುವುದೊಂದು ಬಾಕಿ. ಕಟ್ಟಿದ ಗಳಿಗೆಯಿಂದ ಕಂಟೇನರ್ ಬಂದರಿನ ಗೇಟು ದಾಟಬಹುದು, ದಾಟಿದ ಮೇಲೆ ಮೂವತ್ತು ಸಾವಿರ ಮನೆಗಳಲ್ಲಿ ಯಾರು ಹುಡುಕುತ್ತಾರೆ?

ಪರೀಕ್ಷೆ ಯಾಕೆ ಬೇಕಿಲ್ಲ ಎಂದು ತಾಯಿ ಕೇಳಿದರು. ಎಲ್ಲ ಕಂಟೇನರುಗಳನ್ನೂ ಒಡೆದು ನೋಡಲು ಆಗುವುದಿಲ್ಲಮ್ಮ, ಹಳಬರು, ಇಲ್ಲಿಯವರೆಗೆ ಒಂದು ತಕರಾರೂ ಇಲ್ಲದವರು ಎಂದರೆ ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ ಎಂದಳು ಅಕ್ಕ. ಇಪ್ಪತ್ತೆರಡು ವರ್ಷದ ನಿನ್ನ ಒಳ್ಳೆ ಹೆಸರನ್ನೇ ಅವನು ಬಾಡಿಗೆಗೆ ತೆಗೆದುಕೊಂಡದ್ದು ಎಂದು ಸೇರಿಸಿದಳು. ತಾಯಿ ಕೈಯಲ್ಲಿದ್ದ ಸೌಟನ್ನು ಬುಟ್ಟಿಗೆ ಹಾಕಿ, ಸೀರೆಯ ಮೇಲಿನ ಪುಡಿ ಕೊಡವಿ ಎದ್ದರು.

ಕಸ್ಟಮ್ಸ್ ಆಫೀಸು ಐದಕ್ಕೆ ಮುಚ್ಚುತ್ತದೆ, ಆಗ ಮೂರೂ ಕಾಲು. ಅವರು ಮೂವರೂ ಆಟೋದಲ್ಲಿ, ನಾನು ಹಿಂದೆ ಸ್ಕೂಟರಿನಲ್ಲಿ. ಮನೆಗೆ ಹೋಗಿಬಿಡೋಣ ಎಂದು ಎರಡು ಸಿಗ್ನಲ್ಲುಗಳಲ್ಲಿ ಅನ್ನಿಸಿತು. ಮೂರನೆಯದರಲ್ಲಿ ಆಟೋ ನನ್ನ ಪಕ್ಕಕ್ಕೆ ನಿಂತಿತು. ಒಳಗೆ ತಮ್ಮ ಅಳುತ್ತಿದ್ದ. ತಾಯಿ ನೇರವಾಗಿ ರಸ್ತೆ ನೋಡುತ್ತಾ ಕೂತಿದ್ದರು. ಅಕ್ಕ ತಾಯಿಯ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು, ಬೇಡುವವಳ ಹಾಗೆ. ಏನೆಂದು ನನಗೆ ಆಮೇಲೆ ಗೊತ್ತಾಯಿತು. ಅಧಿಕಾರ ಪತ್ರದ ಸಹಿ ನನ್ನದಲ್ಲ ಎಂದುಬಿಡು ಎನ್ನುತ್ತಿದ್ದಳು. ಸುಳ್ಳು ಕಂಡರಾಗದ ನಮ್ಮ ಅಕ್ಕ. ಹಾಗೆ ಹೇಳಿದರೆ ತಮ್ಮ ಕಳ್ಳ ಸಹಿ ಹಾಕಿದವನಾಗುತ್ತಾನೆ ಎಂದು ಗೊತ್ತಿದ್ದೂ, ಪಕ್ಕದಲ್ಲೇ ಅವನಿದ್ದರೂ ಹೇಳುತ್ತಿದ್ದಳು. ಹೆದರಿಕೆ ಆಕೆಯನ್ನು ಅಲ್ಲಿಯವರೆಗೆ ತಂದಿತ್ತು.

ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ತಪಾಸಣೆ ವಿಭಾಗದ ಅಧಿಕಾರಿಣಿ ಇದ್ದರು. ಗಟ್ಟಿ ದನಿಯ, ಸಣ್ಣ ಆಳು. ಮೊದಲು ತಾಯಿಗೆ ಕುರ್ಚಿ ಕೊಡಿಸಿದರು. ಅಕ್ಕ ಆರು ಸಾಲನ್ನೂ, ತೂಕದ ಲೆಕ್ಕವನ್ನೂ, ಲಾಟೀನನ್ನೂ ಮುಂದಿಟ್ಟಳು. ಅವರು ಕೇಳಿದ್ದು ಎರಡೇ ಪ್ರಶ್ನೆ, ಸುಂಕ ಕಟ್ಟಿದ್ದಾರಾ ಮತ್ತು ಸರಕು ಎಲ್ಲಿದೆ. ಆಮೇಲೆ ಕೀಬೋರ್ಡಿನ ಕೆಲವು ಗುಂಡಿ ಒತ್ತಿದರು. ಪರೀಕ್ಷೆ ಬೇಕಿಲ್ಲ ಎಂದಿದ್ದ ಜಾಗದಲ್ಲಿ ತಡೆಹಿಡಿಯಲಾಗಿದೆ ಎಂದು ಬಂತು. ಅಷ್ಟು ಸುಲಭವಾಗಿ ಮುಗಿಯುವ ಕೆಲಸಕ್ಕೆ ನಾವು ಜೀವ ಕೈಯಲ್ಲಿ ಹಿಡಿದು ಓಡಿಬಂದಿದ್ದೆವು.

ಮುಗಿದಿರಲಿಲ್ಲ. ಏಜೆಂಟ್ ಸಲ್ಲಿಸಿದ್ದ ಅಧಿಕಾರ ಪತ್ರವನ್ನು ತರಿಸಿ ತಾಯಿಯ ಮುಂದೆ ಹಿಡಿದರು. ಇದು ನಿಮ್ಮ ಸಹಿಯಾ ಎಂದು ಕೇಳಿದರು. ಅಕ್ಕ ತಾಯಿಯ ಕುರ್ಚಿಯ ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಇಲ್ಲ ಅನ್ನಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ.

"ನನ್ನದೇ," ಎಂದರು ತಾಯಿ. "ಓದ್ಲಿಲ್ಲ. ಅದು ನನ್ನ ತಪ್ಪು."

ಅಧಿಕಾರಿಣಿ ಅದನ್ನು ಬರೆದುಕೊಂಡರು. ಬರೆಯುವಾಗ ಅವರ ಮುಖದಲ್ಲಿ ಏನೂ ತಿಳಿಯಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು. ಸಹಿ ಹಾಕಿದವರು ಗೊತ್ತಿರಲಿಲ್ಲ ಎಂದರೆ ನಂಬಲು ಏನಾದರೂ ಬೇಕು, ಕಂಟೇನರ್ ಕೋಡಿನವರದೇ ಎಂದೇ ಕಾನೂನು ಹಿಡಿಯುತ್ತದೆ ಎಂದರು. ತಮ್ಮನ ಕಡೆ ತಿರುಗಿ, ಬಂದರಿಗೂ ನಿಮಗೂ ವರ್ಷಕ್ಕೆ ನಾಲ್ಕು ದಿನದ ಸಂಬಂಧ, ಊರಿನಲ್ಲಿ ಸಾವಿರಾರು ಕೋಡ್ ಇವೆ, ಈ ಏಜೆಂಟ್ ಹುಡುಕಿಕೊಂಡು ನಿಮ್ಮ ಮನೆಗೇ ಹೇಗೆ ಬಂದ, ಮೊದಲೇ ಪರಿಚಯವಿತ್ತಾ ಎಂದು ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಸ್ಪಷ್ಟವಾಗಿತ್ತು. ಮನೆಯವರೆಲ್ಲ ಸೇರಿ ಮಾಡಿದ ಕೆಲಸ, ಮಗು ಸುಟ್ಟುಕೊಂಡ ಮೇಲೆ ಹೆದರಿ ಓಡಿಬಂದಿದ್ದಾರೆ.

ಪರಿಚಯ ಇರಲಿಲ್ಲ ಮೇಡಂ, ಅವನ ಹತ್ತಿರ ಒಂದು ಪಟ್ಟಿ ಇತ್ತು ಎಂದ ತಮ್ಮ. ಅಚ್ಚು ಹಾಕಿದ ಪಟ್ಟಿ. ಹೆಸರಿಲ್ಲ, ಬರೀ ಕೋಡ್‌ಗಳು, ನಲವತ್ತೊಂದು. ನಮ್ಮದು ಹದಿನೇಳನೆಯದು. ನೀವೆಲ್ಲ ಒಂದೇ ಥರದವರು, ಹಳಬರು, ಸಣ್ಣವರು, ಬರೀ ರಫ್ತು, ಒಂದು ದಿನವೂ ಆಮದಿಲ್ಲ ಎಂದು ಹೇಳಿದನಂತೆ.

ಆ ಪಟ್ಟಿ ಸಿದ್ಧವಾದ ದಿನ ನಾನು ಪಕ್ಕದ ಮೇಜಿನಲ್ಲಿದ್ದೆ. ಒಂದೂವರೆ ವರ್ಷದ ಹಿಂದೆ, ತಾನು ರಟ್ಟಿನ ಪೆಟ್ಟಿಗೆ ಮಾರುವವನು, ಆಮದೇ ಮಾಡದ ಸಣ್ಣ ರಫ್ತುದಾರರ ಪಟ್ಟಿ ಬೇಕು ಎಂದು ಒಬ್ಬ ಬಂದಿದ್ದ. ಅದಕ್ಕೆ ಆಮದು ಇರಬಾರದು ಎಂಬ ಷರತ್ತು ಯಾಕೆ ಎಂದು ನಾವಿಬ್ಬರೂ ಕೇಳಲಿಲ್ಲ. ದಿನಕ್ಕೆ ಇಂಥ ಹತ್ತು ಪಟ್ಟಿ ಮಾಡುತ್ತೇವೆ. ಅಕ್ಕ ಅರ್ಧ ಗಂಟೆಯಲ್ಲಿ ಸೋಸಿ ಕೊಟ್ಟಿದ್ದಳು. ಈಗ ಹೇಳಿದರೆ ಮನೆಯವರೆಲ್ಲ ಸೇರಿ ಮಾಡಿದ್ದು ಎಂಬ ಅನುಮಾನಕ್ಕೆ ಮೊಹರು ಒತ್ತಿದಂತೆ. ಕೆಲಸವಂತೂ ಹೋಗುತ್ತದೆ, ಆಕೆಯದೂ ಬಹುಶಃ ನನ್ನದೂ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಕೆಮ್ಮಿದೆ. ಅಕ್ಕ ನನ್ನ ಕಡೆ ನೋಡಿದಳು.

"ಆ ಪಟ್ಟಿ ಮಾಡಿದ್ದು ನಾನು," ಎಂದಳು. "ನನ್ನ ಕಂಪ್ಯೂಟರಿನಲ್ಲಿ ಈಗ್ಲೂ ಇದೆ. ತಗೊಂಡು ಹೋದವನ ಫೋನ್ ನಂಬರೂ ಇದೆ."

ಅಧಿಕಾರಿಣಿ ಪೆನ್ನು ಕೆಳಗಿಟ್ಟರು. ಪೆನ್ನಿಡುವ ಆ ಸದ್ದಿಗೇ ನಾನು ಕಣ್ಣು ಮುಚ್ಚಿಕೊಂಡೆ. ಅವರು ಬೈಯಲಿಲ್ಲ. ನಮ್ಮ ಆಫೀಸಿಗೆ ಫೋನ್ ಮಾಡಿಸಿ ಪಟ್ಟಿ ತರಿಸಿಕೊಂಡರು. ಯಜಮಾನರ ದನಿ ಆ ಫೋನಿನಿಂದ ನಾನು ನಿಂತ ಜಾಗದವರೆಗೂ ಕೇಳಿಸಿತು. ನಲವತ್ತೊಂದು ಕೋಡನ್ನೂ ಒಂದೊಂದಾಗಿ ತಮ್ಮ ಯಂತ್ರದಲ್ಲಿ ಹಾಕಿ ಆಮದಿನ ಕಡೆ ನೋಡುತ್ತಾ ಹೋದರು. ಮೊದಲ ನಾಲ್ಕು ಖಾಲಿ. ಐದನೆಯದರಲ್ಲಿ ಲಾಟೀನಿನ ಕವಚ, ಅದೇ ಏಜೆಂಟ್. ಒಂಬತ್ತರಲ್ಲಿ, ಹನ್ನೆರಡರಲ್ಲಿ. ಗೋಣಿ ಹೊಲಿಯುವವರು, ಬಳೆ ಮಾಡುವವರು, ಚಾಪೆ ನೇಯುವವರು, ಎಲ್ಲರೂ ಲಾಟೀನು ತರಿಸಿದ್ದರು. ಮುಗಿಯುವಾಗ ಐದೂ ಮುಕ್ಕಾಲು, ಒಟ್ಟು ಎಂಟು ಕೋಡ್. ಅಮ್ಮನದಲ್ಲದೆ ಇನ್ನೆರಡರ ಕಂಟೇನರ್ ಬಂದರಿನಲ್ಲೇ ಇತ್ತು. ಅವನ್ನೂ ತಡೆದರು.

ಈಗ ಇದು ಒಂದು ಮನೆಯವರ ಕಥೆಯಲ್ಲ ಎಂದು ಅವರಿಗೂ ಕಂಡಿತ್ತು. ತಾಯಿ ಇವತ್ತು ಮನೆಗೆ ಹೋಗಬಹುದು, ಕರೆದಾಗ ಬರಬೇಕು, ವಿಚಾರಣೆ ಮುಗಿಯುವವರೆಗೆ ಕೋಡ್ ಅಮಾನತಿನಲ್ಲಿರುತ್ತದೆ ಎಂದರು. ಸೌಟು ಕೂಡ ಹೋಗುವಂತಿಲ್ಲ. ಅಕ್ಕ ನಾಳೆ ಹತ್ತಕ್ಕೆ ಹೇಳಿಕೆ ಕೊಡಲು ಬರಬೇಕು. ತಮ್ಮ ಮಾತ್ರ ಇಲ್ಲೇ ಇರಲಿ ಎಂದರು. ಇರಲಿ ಎಂಬ ಮಾತನ್ನು ಅವರು ಮೆತ್ತಗೇ ಹೇಳಿದರು. ಅವನು ತಾಯಿಯ ಕಾಲು ಮುಟ್ಟಲು ಬಗ್ಗಿದಾಗ ತಾಯಿ ಅವನ ಭುಜ ಹಿಡಿದು ಎಬ್ಬಿಸಿ, ಕೇಳಿದ್ದಕ್ಕೆಲ್ಲ ಹೇಳು ಎಂದಷ್ಟೇ ಅಂದರು.

ಗೇಟಿನ ಹೊರಗೆ ಆಟೋ ಸಿಗಲಿಲ್ಲ. ಕಾಂಪೌಂಡಿನ ಕಟ್ಟೆಯ ಮೇಲೆ ತಾಯಿಯನ್ನು ಕೂರಿಸಿದೆವು. ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಅಷ್ಟು ಹೊತ್ತು ತಡೆದಿದ್ದ ಅಕ್ಕ ಅಲ್ಲಿ ಅತ್ತಳು. ರಸ್ತೆಯ ಮೇಲೆ, ಮುಖ ಮುಚ್ಚಿಕೊಳ್ಳದೆ.

ಆ ಪಟ್ಟಿಯಲ್ಲಿ ನನ್ನ ನಂಬರ್ ಇದ್ದದ್ದು ನಿನಗೆ ಕಾಣಲಿಲ್ವಾ ಎಂದು ಕೇಳಿದರು ತಾಯಿ. ಕೋಪ ಇರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದು.

ಕಂಡಿತ್ತು ಎಂದಳು ಅಕ್ಕ. ನಿದ್ದೆಯಲ್ಲಿ ಕೇಳಿದರೂ ಹೇಳುವ ನಂಬರು ಅದು, ಕಾಣದೆ ಇರುತ್ತದೆಯೇ. ಅವನು ಕೇಳಿದ್ದಕ್ಕೆಲ್ಲ ನಿನ್ನದು ಹೊಂದುತ್ತಿತ್ತು, ತೆಗೆದಿದ್ದರೆ ಪಟ್ಟಿ ಸುಳ್ಳಾಗುತ್ತಿತ್ತು, ಅದಕ್ಕೇ ಬಿಟ್ಟೆ. ಹೇಳಿ ಇನ್ನಷ್ಟು ಅತ್ತಳು. ಹೆಮ್ಮೆಯೂ ಆಗಿತ್ತಮ್ಮ, ಅಂಥ ಪಟ್ಟಿಯಲ್ಲಿ ನೀನಿದ್ದದ್ದಕ್ಕೆ. ಒಂದು ಸಾಲು ಅಳಿಸಿದ್ದರೆ ಇವತ್ತು ನೀನು ಮನೆಯಲ್ಲಿ ನೆಮ್ಮದಿಯಾಗಿ ಇರುತ್ತಿದ್ದೆ, ತಮ್ಮ ಒಳಗೆ ಕೂರುತ್ತಿರಲಿಲ್ಲ.

ತಾಯಿ ಲಾರಿಗಳನ್ನೇ ನೋಡುತ್ತಿದ್ದರು. ಒಂದು, ಎರಡು, ಮೂರು ಕಂಟೇನರ್ ದಾಟಿ ಹೋದವು.

"ನನ್ನ ಸಾಲು ಇದ್ದದ್ದೇ ಒಳ್ಳೇದಾಯ್ತು," ಎಂದರು. "ಉಳಿದ ನಲವತ್ತು ಜನರದ್ದು ಮಾತ್ರ ಇದ್ದಿದ್ರೆ, ನೀನು ಕಾಗದ ಕೊಟ್ಟು ಊಟಕ್ಕೆ ಹೋಗ್ತಿದ್ದೆ."

ಅಕ್ಕನ ಅಳು ನಿಂತಿತು. ಹದಿನೆಂಟು ವರ್ಷ ನಾವಿಬ್ಬರೂ ಮಾಡಿದ್ದು ಅದನ್ನೇ, ಕಾಗದ ಕೊಟ್ಟು ಊಟಕ್ಕೆ ಹೋಗುವುದನ್ನು.